ಅಚ್ಚಾದದ್ದನ್ನು ಅಚ್ಚಾದಂತೆ

(ಬ್ಲಫ್‌ನಲ್ಲಿ, ಮಠಗಳ ಪುಸ್ತಕಗಳ ಪಟ್ಟಿ ಮಾಡಲು ಮುಂದೆ ಬಂದಿರುವ ಯುವಕ ಯುವತಿಯರ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)



ನನ್ನ ವಿಷಯವನ್ನು ಈ ಊರಿನಲ್ಲಿ ಹೇಳುವುದು ಸುಲಭ. 1902ರಲ್ಲಿ ಇಲ್ಲಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿಯಿತು. ಪವರ್‌ಹೌಸಿನಲ್ಲಿ ದುಡಿದ ಹಿರಿಯರು ಇಲ್ಲಿಯ ಎಷ್ಟೋ ಮನೆಗಳಲ್ಲಿ ಇದ್ದಾರೆ. ಮೀಟರಿನ ಮುಳ್ಳು ಎಲ್ಲಿ ನಿಂತಿದೆಯೋ ಅದನ್ನೇ ಲಾಗ್ ಪುಸ್ತಕದಲ್ಲಿ ಬರೆಯಬೇಕು, ಇಷ್ಟಿರಬೇಕಿತ್ತು ಎಂದು ಬರೆಯಬಾರದು ಎನ್ನುವುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮುಳ್ಳು ತಪ್ಪು ತೋರಿಸುತ್ತಿದೆ ಅನ್ನಿಸಿದರೆ ಅದನ್ನು ಪಕ್ಕದಲ್ಲಿ ಬರೆಯುತ್ತಾರೆ, ಅಂಕಿಯನ್ನು ತಿದ್ದುವುದಿಲ್ಲ. ಪುಸ್ತಕದ ಪಟ್ಟಿಗೂ ಇದೇ ಕ್ರಮ.

ತಾವು ಮಾಡಲು ಹೊರಟಿರುವ ಕೆಲಸ ಹೀಗಿದೆ. ಮಠದ ಟ್ರಂಕುಗಳಲ್ಲಿ, ಅಟ್ಟದ ಮೇಲೆ, ಬೀರುಗಳಲ್ಲಿ ಇರುವ ಒಂದೊಂದು ಪುಸ್ತಕವನ್ನೂ ತೆಗೆದು ಫೋನಿನಲ್ಲಿ ಚಿತ್ರ ಹಿಡಿಯುತ್ತೀರಿ. ಬೇರೊಬ್ಬರು ಬೇರೊಂದು ಊರಿನಲ್ಲಿ ಕೂತು, ಆ ಚಿತ್ರ ನೋಡಿ ಹೆಸರು, ಕರ್ತೃ, ಪ್ರಕಾಶಕರು, ಐಎಸ್‌ಬಿಎನ್ ಸಂಖ್ಯೆಗಳನ್ನು ಪಟ್ಟಿಗೆ ಏರಿಸುತ್ತಾರೆ. ಪಟ್ಟಿ ಮುಗಿದ ಮೇಲೆ ಯಾರಾದರೂ ಒಬ್ಬರು ‘ಇದು ಈಗಾಗಲೇ ನಮ್ಮಲ್ಲಿದೆ, ಇನ್ನೊಂದು ಪ್ರತಿ ಏಕೆ’ ಎಂದು ಕೇಳಿಯೇ ಕೇಳುತ್ತಾರೆ. ಒಂದು ಪ್ರತಿ ಉಳಿಯುತ್ತದೆ, ಇನ್ನೊಂದು ರದ್ದಿಗೆ ಹೋಗುತ್ತದೆ. ಆ ತೀರ್ಮಾನ ಪುಸ್ತಕ ನೋಡಿ ಆಗುವುದಿಲ್ಲ, ಪಟ್ಟಿಯ ಒಂದು ಸಾಲು ನೋಡಿ ಆಗುತ್ತದೆ. ಎರಡು ಬೇರೆ ಮುದ್ರಣಗಳು ಪಟ್ಟಿಯಲ್ಲಿ ಒಂದೇ ಥರ ಬರೆಯಲ್ಪಟ್ಟಿದ್ದರೆ, ಹಳೆಯದು, ಅಂಚು ಹರಿದದ್ದು, ಬಹುಶಃ ಆ ಸೀಮೆಗೇ ಒಂದಾಗಿ ಉಳಿದದ್ದು, ಅದೇ ಮೊದಲು ಹೊರಗೆ ಹೋಗುತ್ತದೆ.

‘ಬಸವಣ್ಣನವರ ವಚನಗಳು’ ಎಂದು ಹೊದಿಕೆಯ ಮೇಲಿರುವ ಪುಸ್ತಕಗಳು ಎಷ್ಟಿವೆ ಯೋಚಿಸಿ. ಸಂಪಾದಕರು ಬೇರೆ, ಪಾಠ ಬೇರೆ, ವಚನದ ಕ್ರಮಸಂಖ್ಯೆಯೂ ಬೇರೆ. ಒಬ್ಬರು ತಮ್ಮ ಲೇಖನದಲ್ಲಿ ವಚನದ ಸಂಖ್ಯೆಯನ್ನಷ್ಟೇ ಕೊಟ್ಟಿದ್ದರೆ, ಯಾವ ಸಂಪಾದನೆಯ ಸಂಖ್ಯೆ ಅದು ಎಂದು ತಿಳಿಯದೆ ಆ ವಚನ ಸಿಗುವುದಿಲ್ಲ. ‘ಸಮಗ್ರ ವಚನ ಸಂಪುಟ’ದ 15 ಸಂಪುಟಗಳನ್ನು 1993ರಲ್ಲಿ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಹೊರತಂದಿತು. ಮುಂದಿನ ಮುದ್ರಣ ಕನ್ನಡ ಪುಸ್ತಕ ಪ್ರಾಧಿಕಾರದಿಂದ ಬಂತು. ಹೆಸರು ಒಂದೇ, ಪ್ರಕಾಶಕರು ಇಬ್ಬರು. ಪ್ರಕಾಶಕರ ಕಡೆ ‘ಕರ್ನಾಟಕ ಸರ್ಕಾರ’ ಎಂದು ಮಾತ್ರ ಬರೆದು ಕೈತೊಳೆದುಕೊಂಡರೆ ಎರಡೂ ಒಂದಾಗಿಬಿಡುತ್ತವೆ.

ಈಗ ಚಿತ್ರದ ಮಾತು. ಒಂದು ಪುಸ್ತಕಕ್ಕೆ ನಾಲ್ಕು ಚಿತ್ರ ಬೇಕು: ಹೊದಿಕೆ, ಶೀರ್ಷಿಕೆ ಪುಟ, ಶೀರ್ಷಿಕೆ ಪುಟದ ಹಿಂಬದಿ, ಹಿಂದಿನ ಹೊದಿಕೆ. ಬೆನ್ನಿನ ಮೇಲೆ ಅಕ್ಷರವಿದ್ದರೆ ಐದನೆಯದು. ಹೊದಿಕೆ ಚಂದವಾಗಿರುತ್ತದೆಂದು ಅದೊಂದನ್ನೇ ಹಿಡಿದು ಬಿಡುವವರು ಬಹಳ. ಆದರೆ ಗ್ರಂಥಾಲಯದವರು ನಂಬುವುದು ಒಳಗಿನ ಶೀರ್ಷಿಕೆ ಪುಟವನ್ನು. ಹೊದಿಕೆಯ ಮೇಲೆ ಜಾಗ ಸಾಲದೆ ಹೆಸರನ್ನು ಮೊಟಕು ಮಾಡಿರುತ್ತಾರೆ, ಅಥವಾ ಮರುಮುದ್ರಣದಲ್ಲಿ ಹೊದಿಕೆ ಮಾತ್ರ ಬದಲಾಗಿರುತ್ತದೆ. ನಮ್ಮ ಮಠಗಳ ಪ್ರಕಟಣೆಗಳಲ್ಲಿ ಇನ್ನೊಂದು ತೊಡಕಿದೆ. ಹೊದಿಕೆಯ ಮೇಲೆ ಪೂಜ್ಯರ ಭಾವಚಿತ್ರ, ಕೆಳಗೆ ಅವರ ಹೆಸರು ದೊಡ್ಡದಾಗಿ ಇರುತ್ತದೆ. ಬರೆದವರ ಹೆಸರು ಒಳಗೆ ಸಣ್ಣ ಅಕ್ಷರದಲ್ಲಿ. ಹೊದಿಕೆ ನೋಡಿ ಬರೆದರೆ ಆಶೀರ್ವಚನ ಕೊಟ್ಟವರು ಕರ್ತೃಗಳಾಗುತ್ತಾರೆ, ಕೆಲವೊಮ್ಮೆ ಅಚ್ಚಿನ ವೆಚ್ಚ ವಹಿಸಿದ ದಾಸೋಹಿಗಳೂ ಆಗಿಬಿಡುತ್ತಾರೆ.

ಚಿತ್ರ ಹಿಡಿಯುವ ಮುನ್ನ ಒಂದು ಚೀಟಿಯಲ್ಲಿ ಆ ಪುಸ್ತಕದ ಕ್ರಮಸಂಖ್ಯೆ ಬರೆದು ಪುಟದ ಪಕ್ಕದಲ್ಲಿಡಿ. ನಾಲ್ಕೂ ಚಿತ್ರದಲ್ಲಿ ಆ ಚೀಟಿ ಕಾಣಬೇಕು. ಒಂದು ಮಧ್ಯಾಹ್ನಕ್ಕೆ ಐವತ್ತು ಪುಸ್ತಕ ಆದರೆ ಇನ್ನೂರು ಚಿತ್ರ ಆಗುತ್ತವೆ. ಚೀಟಿ ಇಲ್ಲದಿದ್ದರೆ ಒಂದರ ಶೀರ್ಷಿಕೆ ಪುಟಕ್ಕೆ ಇನ್ನೊಂದರ ಹಿಂಬದಿ ಸೇರಿಕೊಂಡು, ಎಲ್ಲಿಯೂ ಇಲ್ಲದ ಒಂದು ಪುಸ್ತಕ ಪಟ್ಟಿಯಲ್ಲಿ ಹುಟ್ಟುತ್ತದೆ. ಅಂಥದ್ದನ್ನು ಮುಂದೆ ಕಂಡುಹಿಡಿಯುವುದು ಬಲು ಕಷ್ಟ.

ಜಗುಲಿಯ ನೆರಳಿನ ಬೆಳಕು ಸಾಕು. ಫ್ಲ್ಯಾಶ್ ಬೇಡ. ಹೊದಿಕೆಗೆ ಹೊಳಪಿನ ಲೇಪ ಇರುವುದರಿಂದ ಫ್ಲ್ಯಾಶಿನ ಬೆಳ್ಳನೆಯ ಮಚ್ಚೆ ಅನೇಕ ಸಲ ಸಂಖ್ಯೆಯ ಮೇಲೆಯೇ ಕೂರುತ್ತದೆ. ಫೋನನ್ನು ಪುಟಕ್ಕೆ ನೇರವಾಗಿ ಹಿಡಿಯಿರಿ, ಪುಟದ ನಾಲ್ಕು ಅಂಚೂ ಕಾಣಲಿ. ಐಎಸ್‌ಬಿಎನ್ ಇರುವ ಜಾಗವನ್ನು ಹತ್ತಿರದಿಂದ ಇನ್ನೊಮ್ಮೆ ಹಿಡಿಯಿರಿ. ಪುಸ್ತಕವನ್ನು ಟ್ರಂಕಿಗೆ ಮರಳಿಸುವ ಮೊದಲೇ ಚಿತ್ರ ದೊಡ್ಡದು ಮಾಡಿ ಕೊನೆಯ ಅಂಕಿಯವರೆಗೆ ಓದಿ ನೋಡಿ. ವಾಟ್ಸಾಪಿನಲ್ಲಿ ಮಾಮೂಲಿ ಫೋಟೋ ಆಗಿ ಕಳಿಸಿದರೆ ಅದು ಕುಗ್ಗುತ್ತದೆ, ಸಣ್ಣ ಅಕ್ಷರ ಕಲಸುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಹಳೆಯ ಪುಸ್ತಕದ ಬೆನ್ನು ಮುರಿಯುವ ಹಾಗೆ ಮಟ್ಟಸ ಮಾಡಿ ಒತ್ತಬೇಡಿ. ಅರ್ಧ ತೆರೆದು, ತೆರೆದ ಹೊದಿಕೆಯ ಕೆಳಗೆ ಇನ್ನೊಂದು ಪುಸ್ತಕ ಇಟ್ಟು ಆಧಾರ ಕೊಡಿ.

ಇನ್ನು ಬರೆಯುವವರ ಕೆಲಸ. ಇಲ್ಲಿ ಅಪಾಯ ತರುವುದು ಅಜ್ಞಾನವಲ್ಲ, ಜಾಣತನ. ಪುಟದಲ್ಲಿ ‘ಫ. ಗು. ಹಳಕಟ್ಟಿ’ ಎಂದಿದ್ದರೆ, ನಮಗೆ ಗೊತ್ತಿದೆಯೆಂದು ‘ಫಕೀರಪ್ಪ ಗುರುಬಸಪ್ಪ ಹಳಕಟ್ಟಿ’ ಎಂದು ಬಿಡಿಸಿ ಬರೆಯುವುದು, ಅಥವಾ ‘ಪಿ. ಜಿ.’ ಎಂದು ಮಾಡುವುದು. ‘ಕಲಬುರ್ಗಿ’ ಎಂದಿದ್ದರೆ ‘ಕಲಬುರಗಿ’ ಎಂದು ತಿದ್ದುವುದು. ‘ವಚನಶಾಸ್ತ್ರಸಾರ’ ಎಂದು ಕೂಡಿಸಿ ಅಚ್ಚಾಗಿದ್ದರೆ ಬಿಡಿಸುವುದು, ಬಿಡಿಸಿ ಅಚ್ಚಾಗಿದ್ದರೆ ಕೂಡಿಸುವುದು. ಯಾವುದೂ ಬೇಡ. ಅದರಲ್ಲೂ ‘ಸಂ.’ ಎಂಬ ಒಂದಕ್ಷರವನ್ನು ಮುಟ್ಟಲೇಬೇಡಿ. ಅದು ಸಂಪಾದಕ ಇರಬಹುದು, ಸಂಗ್ರಾಹಕ ಇರಬಹುದು, ಸಂಪುಟ ಇರಬಹುದು. ವರ್ಷ ೧೯೯೩ ಎಂದು ಕನ್ನಡ ಅಂಕಿಯಲ್ಲಿದ್ದರೆ ಹಾಗೆಯೇ ಇರಲಿ. ಮಾಸಿದ ಪುಟದಲ್ಲಿ ೬ ಮತ್ತು ೯ ಒಂದರಂತೆ ಒಂದು ಕಾಣುತ್ತವೆ, ಅಲ್ಲಿ ಎರಡು ಸಲ ನೋಡಿ. ಏನಾದರೂ ಸೇರಿಸಲೇಬೇಕೆಂದರೆ ಚೌಕ ಆವರಣದಲ್ಲಿ ಬರೆಯಿರಿ. ಆವರಣದೊಳಗಿನದು ನಮ್ಮದು, ಹೊರಗಿನದು ಪುಸ್ತಕದ್ದು ಎಂದು ನೋಡಿದವರಿಗೆ ತಿಳಿಯುತ್ತದೆ.

ಪ್ರಕಾಶಕರು ಬೇರೆ, ಮುದ್ರಕರು ಬೇರೆ, ಮಾರಾಟಗಾರರು ಬೇರೆ. ಮೂವರ ಹೆಸರೂ ಹಿಂಬದಿಯ ಪುಟದಲ್ಲಿ ಒಂದರ ಕೆಳಗೊಂದು ಇರಬಹುದು. ಬಿಜಾಪುರದಲ್ಲಿದ್ದ ಹಳಕಟ್ಟಿಯವರ ವಚನಶಾಸ್ತ್ರಸಾರದ ಮೊದಲ ಭಾಗ 1923ರಲ್ಲಿ ಅಚ್ಚಾದದ್ದು ಬೆಳಗಾವಿಯಲ್ಲಿ. ಆಮೇಲೆ ಅವರು ಹಿತಚಿಂತಕ ಮುದ್ರಣಾಲಯವನ್ನು ತಾವೇ ಕಟ್ಟಿದರು. ಅಚ್ಚಿನ ಊರನ್ನು ಪ್ರಕಾಶನದ ಊರೆಂದು ಬರೆದರೆ ಈ ಕಥೆಯೇ ಅಳಿಸಿಹೋಗುತ್ತದೆ. ಅಂಥ ಪುಸ್ತಕಕ್ಕೆ ಐಎಸ್‌ಬಿಎನ್ ಹುಡುಕಬೇಡಿ. ಆ ಪದ್ಧತಿ ಬಂದದ್ದೇ 1970ರ ಸುಮಾರಿಗೆ. ಈಚಿನ ಮರುಮುದ್ರಣದ ಸಂಖ್ಯೆ ಎಲ್ಲಿಂದಲೋ ಸಿಕ್ಕಿತೆಂದು ಹಳೆಯ ಪ್ರತಿಯ ಮುಂದೆ ಬರೆದರೆ, ಹಳೆಯ ಪ್ರತಿ ಪಟ್ಟಿಯಲ್ಲಿ ಮರುಮುದ್ರಣವೇ ಆಗಿಹೋಗುತ್ತದೆ. ‘ಇಲ್ಲ’ ಎಂದು ಬರೆಯಿರಿ.

ಸಂಖ್ಯೆ ಇರುವ ಪುಸ್ತಕಕ್ಕೆ ಬರೋಣ. ಅಭ್ಯಾಸಕ್ಕೆಂದು ನಾನೇ ಕಟ್ಟಿದ ಒಂದು ಸಂಖ್ಯೆ ಹೇಳುತ್ತೇನೆ, ಬರೆದುಕೊಳ್ಳಿ: 81-7000-022-X. ಇದು ಹತ್ತು ಸ್ಥಾನದ ಹಳೆಯ ಕ್ರಮ. ಮೊದಲ ತುಂಡು 81, ಭಾರತದ್ದು. ಈಗ 93 ಎಂಬುದೂ ನಮ್ಮದೇ. ಎರಡನೆಯ ತುಂಡು ಪ್ರಕಾಶಕರದು, ಮೂರನೆಯದು ಆ ಪುಸ್ತಕದ್ದು, ಕೊನೆಯದು ತಾಳೆಯ ಅಂಕಿ. ತುಂಡುಗಳ ಉದ್ದ ಎಲ್ಲ ಪ್ರಕಾಶಕರಿಗೂ ಒಂದೇ ಅಲ್ಲ. ಬಹಳ ಪುಸ್ತಕ ತರುವವರಿಗೆ ಚಿಕ್ಕ ಸಂಖ್ಯೆ, ನಮ್ಮ ಸಣ್ಣ ಮಠದಂಥವರಿಗೆ ಉದ್ದನೆಯದು. ನಡುವಿನ ಅಡ್ಡಗೆರೆ ಅಂದಕ್ಕಲ್ಲ, ಪ್ರಕಾಶಕರು ಎಲ್ಲಿಗೆ ಮುಗಿದು ಪುಸ್ತಕ ಎಲ್ಲಿ ಶುರುವಾಯಿತು ಎಂದು ತೋರಿಸುವ ಬದು ಅದು. ಬದು ಒತ್ತಿದರೆ ಒಬ್ಬರ ಹೊಲ ಇನ್ನೊಬ್ಬರದಾಗುವುದು ನಮಗೆ ಗೊತ್ತೇ ಇದೆ. ಅಡ್ಡಗೆರೆ ಇಲ್ಲದೆ ಬರಿಯ ಅಂಕಿ ಅಚ್ಚಾಗಿದ್ದರೆ ತಾವು ಹಾಕಲು ಹೋಗಬೇಡಿ; ಜಾಗ ಬಿಟ್ಟು ಅಚ್ಚು ಮಾಡಿದ್ದರೆ ಜಾಗ ಬಿಟ್ಟೇ ಬರೆಯಿರಿ.

ಆ ಕೊನೆಯ X ಇಂಗ್ಲಿಷ್ ಅಕ್ಷರ. ಇಲ್ಲಿ ಅದರ ಅರ್ಥ ಹತ್ತು. ಅಚ್ಚಿನ ತಪ್ಪು ಎಂದು ಬಿಡಬೇಡಿ. ತಾಳೆ ನೋಡುವುದು ಹೀಗೆ: ಎಡದಿಂದ ಮೊದಲ ಅಂಕಿಯನ್ನು 10ರಿಂದ, ಮುಂದಿನದನ್ನು 9ರಿಂದ, ಹೀಗೇ ಇಳಿಯುತ್ತಾ ಗುಣಿಸಿ. ಎಂಟು ಹತ್ತಲಿ 80, ಒಂದು ಒಂಬತ್ತಲಿ 9, ಏಳು ಎಂಟಲಿ 56. ಸೊನ್ನೆಗಳನ್ನು ಬಿಟ್ಟರೆ ಎರಡು ಮೂರಲಿ 6, ಎರಡು ಎರಡಲಿ 4. ಕೂಡಿದರೆ 155. ಕೊನೆಯ ಹತ್ತು ಸೇರಿ 165. ಅದು 11ರಿಂದ ಸರಿಯಾಗಿ ಭಾಗವಾಗುತ್ತದೆ, ಆದ್ದರಿಂದ ಸಂಖ್ಯೆ ಸರಿ.

2007ರಿಂದ ಹದಿಮೂರು ಸ್ಥಾನದ ಕ್ರಮ ಬಂತು. ಇದೇ ಪುಸ್ತಕಕ್ಕೆ 978-81-7000-022-8 ಆಗುತ್ತದೆ. ಗಮನಿಸಿ, ಮುಂದೆ 978 ಅಂಟಿದ್ದಷ್ಟೇ ಅಲ್ಲ, ಕೊನೆಯ X ಹೋಗಿ 8 ಬಂದಿದೆ, ಏಕೆಂದರೆ ಲೆಕ್ಕದ ಕ್ರಮವೇ ಬೇರೆ. ಇಲ್ಲಿ ಅಂಕಿಗಳನ್ನು 1, 3, 1, 3 ಎಂದು ಗುಣಿಸಿ ಕೂಡಬೇಕು. ಮೊದಲ ಹನ್ನೆರಡರ ಮೊತ್ತ 92, ನೂರಕ್ಕೆ ಎಂಟು ಬೇಕು. ಹತ್ತು ಸ್ಥಾನದ್ದು ಕಂಡರೆ ಅದನ್ನು ಹದಿಮೂರಕ್ಕೆ ಏರಿಸದೆ ಹಾಗೆಯೇ ಬರೆಯಬೇಕು. ಎರಡೂ ಅಚ್ಚಾಗಿದ್ದರೆ ಎರಡನ್ನೂ ಬರೆಯಿರಿ.

ಈ ತಾಳೆಯನ್ನೇ ನಂಬಿ ಕೂರುವಂತಿಲ್ಲ. ಒಂದು ಅಂಕಿ ತಪ್ಪಿದರೆ ಅದು ಹಿಡಿಯುತ್ತದೆ. ಹದಿಮೂರರ ಕ್ರಮದಲ್ಲಿ ಅಕ್ಕಪಕ್ಕದ ಎರಡು ಅಂಕಿ ಅದಲು ಬದಲಾದರೆ, ಅವುಗಳ ಅಂತರ ಐದಾಗಿದ್ದರೆ ಹಿಡಿಯುವುದಿಲ್ಲ. 27 ಇದ್ದಲ್ಲಿ 72 ಬರೆದಿರೆನ್ನಿ. ಎರಡು ಒಂದಲಿ 2, ಏಳು ಮೂರಲಿ 21, ಮೊತ್ತ 23. ತಿರುಗಿಸಿದರೆ ಏಳು ಒಂದಲಿ 7, ಎರಡು ಮೂರಲಿ 6, ಮೊತ್ತ 13. ಹತ್ತರ ವ್ಯತ್ಯಾಸ ಈ ಲೆಕ್ಕಕ್ಕೆ ಕಾಣುವುದೇ ಇಲ್ಲ. ಅಡ್ಡಗೆರೆ ತಪ್ಪಿದರಂತೂ ಯಾವ ಕ್ರಮದಲ್ಲಿಯೂ ಸಿಕ್ಕಿಬೀಳುವುದಿಲ್ಲ. ಅದಕ್ಕೆ ಇಬ್ಬರು ಕೂರಬೇಕು. ಒಬ್ಬರು ಚಿತ್ರ ನೋಡಿ ‘ಎಂಟು, ಒಂದು, ಗೆರೆ, ಏಳು’ ಎಂದು ಗೆರೆಯನ್ನೂ ಬಾಯಲ್ಲಿ ಹೇಳುತ್ತಾ ಓದಲಿ, ಇನ್ನೊಬ್ಬರು ಬರೆದದ್ದರ ಮೇಲೆ ಬೆರಳಿಡಲಿ.

ತಾಳೆ ಬೀಳದಿದ್ದರೆ ಮೊದಲು ನಮ್ಮ ಬರಹ ನೋಡಿಕೊಳ್ಳಬೇಕು, ಆಮೇಲೆ ಚಿತ್ರ, ಆಮೇಲೆ ಪುಸ್ತಕ. ಪುಸ್ತಕದಲ್ಲಿಯೇ ತಪ್ಪಾಗಿ ಅಚ್ಚಾಗಿರುವುದೂ ಉಂಟು. ಹಿಂದಿನ ಪುಸ್ತಕದ ಪುಟವನ್ನೇ ಹೊಸದಕ್ಕೆ ಬಳಸಿ, ಸಂಖ್ಯೆ ಬದಲಿಸಲು ಮರೆತಿರುತ್ತಾರೆ. ಒಳಗೊಂದು, ಹಿಂದಿನ ಹೊದಿಕೆಯಲ್ಲಿ ಇನ್ನೊಂದು ಇರುವುದೂ ಇದೆ. ಆಗ ಎರಡನ್ನೂ, ಯಾವುದು ಎಲ್ಲಿತ್ತು ಎಂಬುದರೊಂದಿಗೆ ಬರೆದು, ಪಕ್ಕದಲ್ಲಿ ಚೌಕ ಆವರಣದೊಳಗೆ [ಹೀಗೆಯೇ ಇದೆ] ಎಂದು ಹಾಕಿ. ಸರಿಯಾದದ್ದು ಯಾವುದೆಂದು ಆ ಪ್ರಕಾಶಕರನ್ನು ಕೇಳಿ ತಿಳಿದುಕೊಳ್ಳಬಹುದು. ಅಲ್ಲಿಯವರೆಗೆ ಆ ಪುಸ್ತಕವನ್ನು ಯಾವುದರ ‘ಇನ್ನೊಂದು ಪ್ರತಿ’ ಎಂದೂ ಗುರುತು ಮಾಡಬೇಡಿ, ಟ್ರಂಕಿನಲ್ಲಿ ಬೇರೆಯೇ ಇಟ್ಟಿರಿ.