ಸಾಲ ತೀರಿಸುವುದು ಬೇರೆ, ಕೃತಜ್ಞತೆ ಬೇರೆ

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬ ಮತ್ತು ಸಂಗಾತಿಗಳ ಮೇಲೂ ಸಲಾತ್ ಮತ್ತು ಸಲಾಮ್ ಇರಲಿ.

ಪ್ರಿಯ ಸಹೋದರರೇ,

ಸೂರಃ ಅನ್ನಿಸಾದ 36ನೇ ಸೂಕ್ತದಲ್ಲಿ ಅಲ್ಲಾಹನು ಸಂಬಂಧಿಕನಾದ ನೆರೆಯವ ಮತ್ತು ಸಂಬಂಧಿಕನಲ್ಲದ ನೆರೆಯವ, ಈ ಇಬ್ಬರೊಂದಿಗೂ ಉತ್ತಮವಾಗಿ ವರ್ತಿಸುವಂತೆ ಆದೇಶಿಸಿದ್ದಾನೆ. ನೆರೆಯವನಿಗೆ ನಾವು ಏನು ಮಾಡಬೇಕೆಂದು ಅನೇಕ ಸಲ ಕೇಳಿದ್ದೇವೆ. ನೆರೆಯವನು ನಮಗೆ ಉಪಕಾರ ಮಾಡಿದಾಗ ನಮ್ಮ ಹೊಣೆ ಏನು ಎಂಬುದನ್ನು ಇಂದು ನೋಡೋಣ.

ನಮ್ಮ ಮಹಲ್ಲಿನ ಸಹೋದರರೊಬ್ಬರು ಶಸ್ತ್ರಚಿಕಿತ್ಸೆಗಾಗಿ 18 ದಿನ ಆಸ್ಪತ್ರೆಯಲ್ಲಿದ್ದರು. ಮನೆಗೆ ಬೀಗ. ಪಕ್ಕದ ಮನೆಯವರು ನಿವೃತ್ತ ಮಾಷ್ಟ್ರು, ಹಿಂದೂ ಸಹೋದರರು. ಬೀಗದ ಕೈ ಅವರ ಬಳಿ ಇತ್ತು. ಸಂಜೆ ಸಿಟೌಟಿನ ಲೈಟ್ ಹಾಕಿದರು, ಕೋಳಿಗಳಿಗೆ ಕಾಳು ಹಾಕಿದರು. ಬಂದ ಮೂರು ಪಾರ್ಸೆಲ್‌ಗಳನ್ನು ತೆಗೆದಿಟ್ಟರು. ಒಂದಕ್ಕೆ ಹಣ ಕೊಟ್ಟೇ ಬಿಡಿಸಿಕೊಳ್ಳಬೇಕಿತ್ತು. ಫೋನ್ ಮಾಡಿ ಕೇಳಿ 640 ರೂಪಾಯಿ ಕೊಟ್ಟರು. ಹಾಗೆಯೇ ಕೇಳಿ 1,180 ರೂಪಾಯಿ ಕರೆಂಟ್ ಬಿಲ್ಲನ್ನೂ ಕಟ್ಟಿದರು. ಇನ್ನೊಂದು ಪಾರ್ಸೆಲನ್ನು ಡೆಲಿವರಿ ಹುಡುಗ ಯಾರಿಗೂ ಹೇಳದೆ ಗೇಟಿನ ಬಳಿ ಇಟ್ಟು ಹೋಗಿದ್ದ. ಮಾಷ್ಟ್ರು ನೋಡುವಷ್ಟರಲ್ಲಿ ಮಳೆಗೆ ಒದ್ದೆಯಾಗಿತ್ತು.

ಆ ಸಹೋದರರು ಮನೆಗೆ ಬಂದು 1,820 ರೂಪಾಯಿ ನೀಡಿದರೆ ಮಾಷ್ಟ್ರು, "ಇರಲಿ ಸಾಹೇಬ್ರೆ, ಮೊದಲು ಆರೋಗ್ಯ ನೋಡಿ" ಎಂದರು. ಈಗ ಏನು ಮಾಡಲಿ ಎಂಬುದು ಅವರ ಪ್ರಶ್ನೆ.

ಮೊದಲನೆಯದು ಲೆಕ್ಕ. ನಮ್ಮ ಒಪ್ಪಿಗೆ ಪಡೆದು ನಮ್ಮ ಪರವಾಗಿ ಕೊಟ್ಟ ಹಣ ನಮ್ಮ ಮೇಲಿನ ಸಾಲ. "ಇರಲಿ, ಆಮೇಲೆ" ಎಂಬುದು ಸೌಜನ್ಯದ ಮಾತು, ಸಾಲ ಮನ್ನಾ ಅಲ್ಲ. ಅವರು ಸ್ಪಷ್ಟವಾಗಿ ಬಿಟ್ಟುಕೊಡುವವರೆಗೆ ಹಣ ಬಾಕಿಯೇ. ಆದ್ದರಿಂದ ರಶೀದಿಯ ಜೊತೆಗೆ ಲಕೋಟೆಯಲ್ಲಿಟ್ಟು ಎರಡನೇ ಬಾರಿ ಕೈಗೆ ಕೊಡಿ.

ಎರಡನೆಯದು ಒದ್ದೆಯಾದ ಪಾರ್ಸೆಲ್. ಇದರಲ್ಲಿ ಮಾಷ್ಟ್ರ ಮೇಲೆ ಯಾವ ಹೊಣೆಯೂ ಇಲ್ಲ. ಅದು ಅವರ ಕೈಗೆ ಬರುವ ಮೊದಲೇ ಕೆಟ್ಟಿತ್ತು. ಕೈಗೆ ಬಂದ ಮೇಲೆ ಕೆಟ್ಟಿದ್ದರೂ ಉತ್ತರ ಅದೇ. ಅಮಾನತ್ ಆಗಿ ಇಟ್ಟುಕೊಂಡ ವಸ್ತು ಇಟ್ಟುಕೊಂಡವನ ನಿರ್ಲಕ್ಷ್ಯವಿಲ್ಲದೆ ಹಾಳಾದರೆ ಅವನು ನಷ್ಟ ಭರಿಸಬೇಕಾಗಿಲ್ಲ ಎಂಬುದು ಫಿಕ್ಹ್‌ನ ನಿಯಮ. ಅದನ್ನು ಹಿಡಿದು "ಸ್ವಲ್ಪ ನೋಡಬಹುದಿತ್ತು" ಎಂದು ಮನೆಯವರಲ್ಲಿ ಯಾರಾದರೂ ಹೇಳಿದರೂ 18 ದಿನದ ಉಪಕಾರಕ್ಕೆ ನೋವಿನ ಪ್ರತಿಫಲ ಕೊಟ್ಟಂತಾಗುತ್ತದೆ.

ಸಹೋದರರೇ, ಲೆಕ್ಕ ಚುಕ್ತಾ ಆಯಿತೆಂದರೆ ಕೃತಜ್ಞತೆ ಮುಗಿಯಿತು ಎಂದು ತಿಳಿಯುವುದೇ ನಮ್ಮಲ್ಲಿ ಹೆಚ್ಚಾಗಿ ಆಗುವ ತಪ್ಪು. 1,820 ರೂಪಾಯಿ ಅವರದೇ ಹಣ. ಅದನ್ನು ಹಿಂತಿರುಗಿಸಿದರೆ ನಾವು ಏನನ್ನೂ ಕೊಟ್ಟಂತಾಗಲಿಲ್ಲ. ಅವರ ಸಮಯಕ್ಕೆ, ಕಾಳಜಿಗೆ ಉತ್ತರ ಇನ್ನೂ ಬಾಕಿ ಇದೆ. ಜನರಿಗೆ ಕೃತಜ್ಞತೆ ಸಲ್ಲಿಸದವನು ಅಲ್ಲಾಹನಿಗೂ ಕೃತಜ್ಞತೆ ಸಲ್ಲಿಸಲಾರ ಎಂಬ ಅರ್ಥದ ಹದೀಸ್ ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿದೆ. ಅಲ್ಲಿ ಹೇಳಿರುವುದು ಜನರು ಎಂದು, ಮುಸ್ಲಿಮರು ಎಂದಲ್ಲ.

ಅಬೂದಾವೂದ್‌ನಲ್ಲಿ ಇಬ್ನು ಉಮರ್(ರ)ರ ಮೂಲಕ ಬಂದ ಇನ್ನೊಂದು ಹದೀಸ್ ದಾರಿ ತೋರಿಸುತ್ತದೆ. ಉಪಕಾರ ಮಾಡಿದವನಿಗೆ ಪ್ರತ್ಯುಪಕಾರ ಮಾಡಬೇಕು. ಅದಕ್ಕೆ ಏನೂ ಸಿಗದಿದ್ದರೆ, ಪ್ರತಿಫಲ ಸಂದಿತು ಎನಿಸುವವರೆಗೆ ಅವನಿಗಾಗಿ ಪ್ರಾರ್ಥಿಸಬೇಕು.

ಆದ್ದರಿಂದ ನಡೆಯಲು ಶಕ್ತಿ ಬಂದೊಡನೆ ಆ ಸಹೋದರರು ಪತ್ನಿಯೊಂದಿಗೆ ಮಾಷ್ಟ್ರ ಮನೆಗೇ ಹೋಗಲಿ. ವಾಟ್ಸಪ್ ಸ್ಟೇಟಸ್ ಹಾಕುವುದು ಊರಿಗೆ ಹೇಳಿದ ಹಾಗೆ, ಮಾಷ್ಟ್ರಿಗೆ ಹೇಳಿದ ಹಾಗಲ್ಲ. ಬರೀ "ಥ್ಯಾಂಕ್ಸ್" ಎನ್ನದೆ ಅವರು ಮಾಡಿದ್ದನ್ನು ಹೆಸರಿಸಿ ಹೇಳಲಿ: "ಮಾಷ್ಟ್ರೇ, ಲೈಟ್ ಹಾಕುತ್ತಿದ್ದೀರಿ ಎಂದು ಗೊತ್ತಿದ್ದ ಕಾರಣ ಆಸ್ಪತ್ರೆಯಲ್ಲಿ ಮನೆಯ ಚಿಂತೆ ಇರಲಿಲ್ಲ. ದೇವರು ನಿಮಗೆ ಒಳ್ಳೆಯದು ಮಾಡಲಿ." ನಾವು ಜಝಾಕಲ್ಲಾಹು ಖೈರನ್ ಎನ್ನುವುದರ ಅರ್ಥ ಅದೇ. ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿದರೆ ಮಾತು ಮನಸ್ಸಿಗೆ ಮುಟ್ಟುತ್ತದೆ.

ಉಡುಗೊರೆ ಕೊಡುವಾಗ ಅವರ ಊಟದ ಕ್ರಮ ನೋಡಿ. ಮಾಷ್ಟ್ರ ಮನೆಯವರು ಸಸ್ಯಾಹಾರಿಗಳು. ಅವರಿಗೆ ಬಿರಿಯಾನಿ ಕಳಿಸಿದರೆ ಅವರು ಪಾತ್ರೆ ಹಿಡಿದುಕೊಂಡು ಸಂಕಟಪಡಬೇಕಾಗುತ್ತದೆ. ಖರ್ಜೂರ, ಹಣ್ಣು, ತೋಟದ ಎಳನೀರು ಸಾಕು. ನೆರೆಯವರ ಉಡುಗೊರೆ ಚಿಕ್ಕದೆಂದು ಕೀಳಾಗಿ ಕಾಣಬಾರದು ಎಂದು ಪ್ರವಾದಿ(ಸ)ರು ಸ್ತ್ರೀಯರಿಗೆ ಕಲಿಸಿದ್ದಾರೆ. ಹಾಗಾಗಿ ದೊಡ್ಡದು ಕೊಡಲಾಗದೆಂದು ಸುಮ್ಮನೆ ಕೂರಬೇಡಿ.

ಇನ್ನು ಬೀಗದ ಕೈ. ಮನೆಗೆ ಬಂದ ದಿನವೇ ಮಗನನ್ನು ಕಳಿಸಿ ಅದನ್ನು ಕೇಳಿ ತರಿಸಿಕೊಳ್ಳಬೇಡಿ. ಕೆಲಸ ಮುಗಿಯಿತು, ಇನ್ನು ನೀವು ಬೇಡ ಎಂದು ಹೇಳಿದಂತೆ ಅವರಿಗೆ ಅನಿಸಬಹುದು. ಭೇಟಿಗೆ ಹೋದಾಗ ಅವರೇ ಕೊಟ್ಟರೆ ಸ್ವೀಕರಿಸಿ. ಜೊತೆಗೆ, "ನೀವು ಊರಿಗೆ ಹೋಗುವಾಗ ನಿಮ್ಮ ಬೀಗದ ಕೈ ನಮ್ಮಲ್ಲಿ ಇಡಿ ಮಾಷ್ಟ್ರೇ" ಎನ್ನಿ. ಅವರು ಇಟ್ಟು ಹೋದರೆ ಹೇಳಿದಂತೆ ನಡೆದುಕೊಳ್ಳಿ.

ಉಪಕಾರವನ್ನು ನೆನೆಯುವವರಲ್ಲಿ ಅಲ್ಲಾಹನು ನಮ್ಮನ್ನು ಸೇರಿಸಲಿ. ನಮ್ಮ ರೋಗಿಗಳಿಗೂ ನಮ್ಮ ನೆರೆಯವರಿಗೂ ಆರೋಗ್ಯ ನೀಡಲಿ. ಆಮೀನ್.