ಪೆಟ್ರೋಲ್ ಪೋಲಾಗುವುದು ಬ್ರೇಕ್‌ನಲ್ಲಿ

(ಪುಣೆಯ ನಮ್ಮ ಸಂಘದ ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಕಾರು ಓಡಿಸುವ ಸದಸ್ಯೆಯರಿಂದ ಮುಂಚೆಯೇ ಪ್ರಶ್ನೆಗಳನ್ನು ತರಿಸಿಕೊಂಡಿದ್ದೆವು. ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಮೂರೇ ವಿಷಯಕ್ಕೆ ಸೇರಿದ್ದವು. ಊರೊಳಗೆ ಮೈಲೇಜ್ ಏಕೆ ಬರುವುದಿಲ್ಲ? ನಿಧಾನವಾಗಿ ಓಡಿಸಿದರೆ, ಯಾವ ಗೇರಿನಲ್ಲಿದ್ದರೆ ಪೆಟ್ರೋಲ್ ಉಳಿಯುತ್ತದೆ? ಘಾಟ್ ಇಳಿಯುವಾಗ ನ್ಯೂಟ್ರಲ್‌ಗೆ ಹಾಕಬಹುದೇ? ಈ ಮೂರಕ್ಕೂ ಉತ್ತರ ಸಿಗುವುದು ಒಂದೇ ಜಾಗದಲ್ಲಿ: ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ಎಂಜಿನ್‌ನಲ್ಲಿ ಏನಾಗುತ್ತದೆ ಎಂಬುದರಲ್ಲಿ.

ಮೊದಲ ಪ್ರಶ್ನೆಗೆ ಒಂದು ಸಣ್ಣ ಲೆಕ್ಕ ಮಾಡೋಣ. ನಮ್ಮ ಸಣ್ಣ ಕಾರು, ಒಳಗೆ ಇಬ್ಬರು, ಒಟ್ಟು 1000 ಕೆಜಿ ಎಂದುಕೊಳ್ಳಿ. ಅದು ಗಂಟೆಗೆ 54 ಕಿ.ಮೀ. ವೇಗದಲ್ಲಿದೆ, ಅಂದರೆ ಸೆಕೆಂಡಿಗೆ 15 ಮೀಟರ್. ಶಾಲೆಯಲ್ಲಿ ಕಲಿತ ಚಲನಶಕ್ತಿಯ ಸೂತ್ರ ಹಾಕಿದರೆ ಆ ಕಾರಿನಲ್ಲಿ ಸುಮಾರು 112 ಕಿಲೋಜೂಲ್ ಶಕ್ತಿ ತುಂಬಿದೆ. ಪೆಟ್ರೋಲಿನ ಶಕ್ತಿಯಲ್ಲಿ ಚಕ್ರಕ್ಕೆ ತಲುಪುವುದು ಸುಮಾರು ಕಾಲು ಭಾಗ ಮಾತ್ರ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಹಾಗಾಗಿ ಅಷ್ಟು ವೇಗ ತುಂಬಿಸಲು 14 ಮಿ.ಲೀ.ನಷ್ಟು ಪೆಟ್ರೋಲ್ ಬೇಕು, ಸರಿಸುಮಾರು ಒಂದು ಚಮಚ. ಸಿಗ್ನಲ್ ಹತ್ತಿರ ಬಂದು ಬ್ರೇಕ್ ಒತ್ತಿದಿರಿ ಎಂದರೆ ಆ ಒಂದು ಚಮಚವನ್ನು ಬ್ರೇಕ್ ಪ್ಯಾಡಿನ ಬಿಸಿಯಾಗಿ ಮಾಡಿ ಗಾಳಿಗೆ ಬಿಟ್ಟಿರಿ. ಹಸಿರು ಬಂದಾಗ ಮತ್ತೊಂದು ಚಮಚ ಬೇಕು. ಊರೊಳಗೆ ಮೈಲೇಜ್ ಬೀಳಲು ದೊಡ್ಡ ಕಾರಣ ಇದು.

ಸಿಗ್ನಲ್ ಕೆಂಪಾದರೆ ನಿಲ್ಲಲೇಬೇಕಲ್ಲ ಎನ್ನುತ್ತೀರಿ. ನಿಲ್ಲಬೇಕು ನಿಜ, ಆದರೆ ಕೆಂಪು ಕಂಡ ಮೇಲೂ ಸಿಗ್ನಲ್‌ವರೆಗೆ ಪೆಟ್ರೋಲ್ ಉರಿಸುತ್ತ ಹೋಗಬೇಕಾಗಿಲ್ಲ. ದೂರದಲ್ಲಿ ಕೆಂಪು ದೀಪ ಕಂಡ ತಕ್ಷಣ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಗೇರ್ ಇದ್ದಂತೆಯೇ ಇರಲಿ, ಕ್ಲಚ್ ಒತ್ತಬೇಡಿ. ಈಗಿನ ಫ್ಯೂಯಲ್ ಇಂಜೆಕ್ಷನ್ ಕಾರುಗಳಲ್ಲಿ ಹೀಗೆ ಮಾಡಿದಾಗ ಎಂಜಿನ್‌ನ ಕಂಪ್ಯೂಟರ್ ಪೆಟ್ರೋಲ್ ಬಿಡುವುದನ್ನು ಪೂರ್ತಿ ನಿಲ್ಲಿಸುತ್ತದೆ. ಆಗ ಎಂಜಿನ್ ಕಾರನ್ನು ಓಡಿಸುವುದಿಲ್ಲ, ಉರುಳುತ್ತಿರುವ ಕಾರೇ ಎಂಜಿನ್ನನ್ನು ತಿರುಗಿಸುತ್ತದೆ. ವೇಗ ಇಳಿದು ಎಂಜಿನ್ ನಿಧಾನವಾದಾಗ, ಅದು ಆರಿಹೋಗದಂತೆ ಪೆಟ್ರೋಲ್ ಮತ್ತೆ ಶುರುವಾಗುತ್ತದೆ. ಗಮನವಿಟ್ಟರೆ ಆ ಕ್ಷಣದಲ್ಲಿ ಕಾರಿನ ಹಿಡಿತ ಸ್ವಲ್ಪ ಸಡಿಲವಾದಂತೆ ಕಾಲಿಗೆ ತಿಳಿಯುತ್ತದೆ. ಆಗ ಕ್ಲಚ್ ಒತ್ತಿ, ಬ್ರೇಕ್ ಹಿಡಿದು ನಿಲ್ಲಿಸಿ.

ಹೋಗಿ ಬರುವ ದಾರಿಯಲ್ಲಿ ಒಟ್ಟು 24 ಸಿಗ್ನಲ್ ಇವೆ ಎನ್ನಿ. ಅದರಲ್ಲಿ 12 ಕಡೆ 150 ಮೀಟರ್ ಮೊದಲೇ ಕಾಲು ತೆಗೆಯಲು ಸಾಧ್ಯವಾಯಿತು. ಲೀಟರಿಗೆ 20 ಕಿ.ಮೀ. ಓಡುವ ಕಾರಿಗೆ 150 ಮೀಟರ್ ಎಂದರೆ 7.5 ಮಿ.ಲೀ. ದಿನಕ್ಕೆ 90 ಮಿ.ಲೀ., ತಿಂಗಳಿಗೆ 25 ದಿನ ಹಿಡಿದರೆ ಎರಡೂಕಾಲು ಲೀಟರ್. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆಜಿ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ, ಹಾಗಾಗಿ ತಿಂಗಳಿಗೆ 5 ಕೆಜಿ ಹೊಗೆಯೂ ಕಡಿಮೆ. ಕೆಲವೊಮ್ಮೆ ನೀವು ತಲುಪುವಷ್ಟರಲ್ಲಿ ದೀಪ ಹಸಿರಾಗಿರುತ್ತದೆ. ಆಗ ನಿಲ್ಲದೆ ಮುಂದೆ ಹೋಗಬಹುದು, ಉಳಿತಾಯ ಇನ್ನೂ ಹೆಚ್ಚು. ಹಿಂದೆ ಹತ್ತಿರದಲ್ಲೇ ಗಾಡಿಗಳಿದ್ದರೆ ಮಾತ್ರ ಬ್ರೇಕನ್ನು ಹಗುರವಾಗಿ ಮುಟ್ಟಿ ಹಿಂದಿನ ಕೆಂಪು ದೀಪ ತೋರಿಸಿ. ಕಾಲು ತೆಗೆದರೆ ಆ ದೀಪ ಹತ್ತುವುದಿಲ್ಲ.

ಎರಡನೆಯ ಪ್ರಶ್ನೆ ಗೇರಿನದು. ಮೆಲ್ಲಗೆ ವೇಗ ಹೆಚ್ಚಿಸುವುದು ಎಂದರೆ ಸೆಕೆಂಡ್ ಗೇರಿನಲ್ಲೇ ತೆವಳುವುದು ಎಂದು ಬಹಳ ಜನ ತಿಳಿದಿದ್ದಾರೆ. ಅದು ಸರಿಯಲ್ಲ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಸಣ್ಣ ಕಾರಿನ ಎಂಜಿನ್ ಥರ್ಡ್ ಗೇರಿನಲ್ಲಿ ನಿಮಿಷಕ್ಕೆ ಸುಮಾರು 2500 ಸುತ್ತು ತಿರುಗಿದರೆ, ಫಿಫ್ತ್‌ನಲ್ಲಿ ಸುಮಾರು 1500 ಸುತ್ತು ಸಾಕು. ರಸ್ತೆಯ ಮೇಲೆ ಆಗುವ ಕೆಲಸ ಎರಡರಲ್ಲೂ ಒಂದೇ. ಆದರೆ ಪ್ರತಿ ಸುತ್ತಿಗೂ ಎಂಜಿನ್ ತನ್ನೊಳಗಿನ ತಿಕ್ಕಾಟಕ್ಕೆ, ಅರ್ಧ ಮುಚ್ಚಿದ ದಾರಿಯಿಂದ ಗಾಳಿ ಎಳೆದುಕೊಳ್ಳುವ ಶ್ರಮಕ್ಕೆ ಪೆಟ್ರೋಲ್ ಕೊಡಬೇಕು. ಸುತ್ತು ಕಡಿಮೆಯಾದಷ್ಟೂ ಆ ಖರ್ಚು ಕಡಿಮೆ.

ಆದ್ದರಿಂದ ಹೊರಡುವಾಗ ಹೆದರಿಕೆಯಿಲ್ಲದೆ ಹದವಾಗಿ ಒತ್ತಿ, ಪೆಟ್ರೋಲ್ ಕಾರಾದರೆ 2000ದಿಂದ 2500 ಸುತ್ತಿನೊಳಗೆ ಮೇಲಿನ ಗೇರಿಗೆ ಹಾಕಿ. ಪೂರ್ತಿ ಒತ್ತಬೇಡಿ. ಪೂರ್ತಿ ಒತ್ತಿದಾಗ ಅನೇಕ ಎಂಜಿನ್‌ಗಳು ಬಲಕ್ಕಾಗಿ ಬೇಕಾದದ್ದಕ್ಕಿಂತ ಹೆಚ್ಚು ಪೆಟ್ರೋಲ್ ಬಿಡುತ್ತವೆ. ಅದನ್ನು ಪೂರ್ತಿ ಉರಿಸಲು ಗಾಳಿ ಸಾಲುವುದಿಲ್ಲ. ಸೈಲೆನ್ಸರ್ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್‌ಗೂ ಆಮ್ಲಜನಕ ಸಿಗದೆ ಕಾರ್ಬನ್ ಮಾನಾಕ್ಸೈಡ್ ಹಾಗೇ ಹೊರಗೆ ಬರುತ್ತದೆ. ಪಕ್ಕದಲ್ಲಿ ನಿಂತ ಸ್ಕೂಟರಿನವರು ಉಸಿರಾಡುವುದು ಅದನ್ನೇ.

ಇದಕ್ಕೂ ಮಿತಿಯಿದೆ. ಗೇರ್ ಬೇಗ ಹಾಕಿದಾಗ ಕಾರು ನಡುಗಿದರೆ, ಎಂಜಿನ್ ಗುಡುಗುಡು ಎಂದರೆ, ಒತ್ತಿದರೂ ಮುಂದೆ ಹೋಗದಿದ್ದರೆ ಎಂಜಿನ್ ಏದುಸಿರು ಬಿಡುತ್ತಿದೆ ಎಂದರ್ಥ. ಕೂಡಲೇ ಒಂದು ಗೇರ್ ಕೆಳಗೆ ತನ್ನಿ. ಏರಿನಲ್ಲಿ, ಕಾರು ತುಂಬ ಜನರಿದ್ದಾಗ, ಓವರ್‌ಟೇಕ್ ಮಾಡುವಾಗ ಈ 2000ದ ಲೆಕ್ಕ ಬಿಟ್ಟುಬಿಡಿ.

ಮೂರನೆಯದು ನಮ್ಮ ಮನೆಮನೆಯ ಪ್ರಶ್ನೆ. ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರಿನಿಂದ ಪುಣೆಗೆ ಮರಳುವಾಗ ಹೊಸ ಕಾತ್ರಜ್ ಸುರಂಗ ದಾಟಿದ ಮೇಲೆ ನವಲೆ ಸೇತುವೆಯವರೆಗೆ ಉದ್ದದ ಇಳಿಜಾರು. ನ್ಯೂಟ್ರಲ್ ಹಾಕಿದರೆ ಕಾರು ತಾನೇ ಉರುಳುತ್ತದೆ, ಎಣ್ಣೆ ಉಳಿಯುತ್ತದೆ ಎನ್ನುವ ಸಲಹೆ ಎಲ್ಲರ ಮನೆಯಲ್ಲೂ ಕೇಳಿಬರುತ್ತದೆ. ಕಾರ್ಬ್ಯುರೇಟರ್ ಇದ್ದ ಕಾಲದಲ್ಲಿ ಅದಕ್ಕೆ ಸ್ವಲ್ಪ ಅರ್ಥವಿತ್ತು. ಈಗ ಲೆಕ್ಕ ತಿರುವುಮುರುವು. ಗೇರಿನಲ್ಲಿದ್ದು ಕಾಲು ತೆಗೆದರೆ ಪೆಟ್ರೋಲ್ ಸೊನ್ನೆ. ನ್ಯೂಟ್ರಲ್‌ನಲ್ಲಿ ಎಂಜಿನ್ ತಾನೇ ಜೀವ ಹಿಡಿದುಕೊಳ್ಳಬೇಕು, ಗಂಟೆಗೆ ಅರ್ಧ ಲೀಟರಿಗೂ ಮೇಲೆ ಬೇಕಾಗುತ್ತದೆ. ಇಳಿಜಾರಿನಲ್ಲಿ ನ್ಯೂಟ್ರಲ್ ಪೆಟ್ರೋಲನ್ನು ಉಳಿಸುವುದಿಲ್ಲ, ಖರ್ಚು ಮಾಡುತ್ತದೆ.

ಅದಕ್ಕಿಂತ ದೊಡ್ಡ ಮಾತು ಸುರಕ್ಷತೆಯದು. ನ್ಯೂಟ್ರಲ್‌ನಲ್ಲಿ ಎಂಜಿನ್ ಹಿಡಿದುಕೊಳ್ಳುವುದಿಲ್ಲ, ಇಡೀ ಭಾರ ಬ್ರೇಕ್ ಮೇಲೆ. ಬ್ರೇಕ್ ಕಾದಂತೆ ಹಿಡಿತ ಕಳೆದುಕೊಳ್ಳುತ್ತದೆ. ಎಂಜಿನ್ನನ್ನೇ ಆರಿಸಿದರೆ ಇನ್ನೂ ಅಪಾಯ: ಒಂದೆರಡು ಸಲ ಒತ್ತಿದ ಮೇಲೆ ಬ್ರೇಕ್ ಪೆಡಲ್ ಕಲ್ಲಿನಂತಾಗುತ್ತದೆ, ಸ್ಟೀರಿಂಗ್ ಭಾರವಾಗುತ್ತದೆ. ನವಲೆ ಸೇತುವೆಯ ಬಳಿ ಲಾರಿಗಳು ಹಿಡಿತ ತಪ್ಪಿ ಸಾಲು ಗಾಡಿಗಳಿಗೆ ಗುದ್ದಿದ್ದನ್ನು ನಾವೆಲ್ಲ ಓದಿದ್ದೇವೆ. ಅಲ್ಲಿ ಇಳಿಯುವಾಗ ಥರ್ಡ್ ಗೇರ್ ಇರಲಿ, ಕಾಲು ಆಕ್ಸಿಲರೇಟರ್ ಮೇಲೆ ಬೇಡ, ಬೇಕಾದಾಗ ಬ್ರೇಕನ್ನು ಒತ್ತಿ ಬಿಡಿ, ಸದಾ ಒತ್ತಿಕೊಂಡೇ ಇರಬೇಡಿ. ಮುಂದೆ ಓಡುತ್ತಿರುವ ಲಾರಿ ಹಾಗೂ ನಿಮ್ಮ ನಡುವೆ ಸಾಕಷ್ಟು ಜಾಗ ಬಿಡಿ. ಆಟೊಮ್ಯಾಟಿಕ್ ಕಾರಿದ್ದವರು ‘ಡಿ’ಯಲ್ಲೇ ಇಳಿಯಿರಿ, ಕೆಳಗಿನ ಗೇರ್ ಆಯ್ಕೆ ಇದ್ದರೆ ಅದನ್ನು ಬಳಸಿ.

ಇದರಿಂದ ನಿಮ್ಮ ಕಾರಿನಲ್ಲಿ ಎಷ್ಟು ಉಳಿಯಿತು ಎಂದು ನೋಡಲು ಡ್ಯಾಶ್‌ಬೋರ್ಡಿನ ಅಂಕಿಯನ್ನೇ ನಂಬಬೇಡಿ. ಒಂದೇ ಬಂಕಿನಲ್ಲಿ, ಪಂಪ್ ತಾನಾಗಿ ನಿಲ್ಲುವವರೆಗೆ ಟ್ಯಾಂಕ್ ತುಂಬಿಸಿ ಕಿಲೋಮೀಟರ್ ಬರೆದಿಡಿ. ಮುಂದಿನ ಸಲ ಮತ್ತೆ ಹಾಗೆಯೇ ತುಂಬಿಸಿ, ಓಡಿದ ದೂರವನ್ನು ಹಾಕಿದ ಲೀಟರಿನಿಂದ ಭಾಗಿಸಿ. ಒಂದು ಟ್ಯಾಂಕಿನ ಲೆಕ್ಕ ಏರುಪೇರಾಗಬಹುದು. ಹಳೆಯ ರೀತಿಯಲ್ಲಿ ಮೂರು ಟ್ಯಾಂಕ್, ಹೊಸ ರೀತಿಯಲ್ಲಿ ಮೂರು ಟ್ಯಾಂಕ್ ಓಡಿಸಿ ಹೋಲಿಸಿ. ಎಸಿ ಬಳಕೆ, ಟಯರಿನ ಗಾಳಿ ಎರಡೂ ಸಲ ಒಂದೇ ರೀತಿ ಇರಲಿ. ನಿಮ್ಮ ಅಂಕಿಗಳನ್ನು ಮುಂದಿನ ಸಭೆಗೆ ತನ್ನಿ, ಎಲ್ಲರೂ ಕೂತು ನೋಡೋಣ.