ಕಡಲಿಗೆ ಬಿದ್ದ ಬಿಂದುಗಳು: ಜೀವವೈವಿಧ್ಯ ದಾಖಲೆಗಳಲ್ಲಿ ನಿರ್ದೇಶಾಂಕಗಳ ಪರಿಶೋಧನೆ

ಇಂಥ ಸಸ್ಯ ಅಥವಾ ಪ್ರಾಣಿ ಇಂಥ ದಿನ ಇಂಥ ಜಾಗದಲ್ಲಿ ಕಂಡುಬಂದಿತು ಎಂದು ಹೇಳುವ ಒಂದು ಸಾಲಿನ ಮಾಹಿತಿಯನ್ನು ಜೀವವೈವಿಧ್ಯ ವಿಜ್ಞಾನದಲ್ಲಿ ‘ಇರುವಿಕೆಯ ದಾಖಲೆ’ ಎಂದು ಕರೆಯಬಹುದು. ಸಸ್ಯಸಂಗ್ರಹಾಲಯಗಳ ಒಣಗಿಸಿದ ಮಾದರಿಗಳ ಚೀಟಿಗಳಿಂದ ಹಿಡಿದು ಪಕ್ಷಿವೀಕ್ಷಕರ ಟಿಪ್ಪಣಿಗಳವರೆಗೆ ಇಂಥ ಕೋಟ್ಯಂತರ ದಾಖಲೆಗಳನ್ನು 2001ರಲ್ಲಿ ಸ್ಥಾಪನೆಯಾಗಿ ಕೋಪನ್‌ಹೇಗನ್‌ನಲ್ಲಿ ಕಾರ್ಯಾಲಯ ಹೊಂದಿರುವ ಜಿಬಿಐಎಫ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಒಂದೆಡೆ ದೊರಕಿಸಿಕೊಡುತ್ತದೆ. ದಾಖಲೆಯ ಸ್ಥಳವನ್ನು ಸೂಚಿಸುವ ಎರಡು ಸಂಖ್ಯೆಗಳೇ ನಿರ್ದೇಶಾಂಕಗಳು: ಸಮಭಾಜಕ ವೃತ್ತದಿಂದ ಉತ್ತರಕ್ಕೋ ದಕ್ಷಿಣಕ್ಕೋ ಎಷ್ಟು ಡಿಗ್ರಿ ಎಂಬುದು ಅಕ್ಷಾಂಶ, ಗ್ರೀನಿಚ್ ರೇಖೆಯಿಂದ ಪೂರ್ವಕ್ಕೋ ಪಶ್ಚಿಮಕ್ಕೋ ಎಷ್ಟು ಡಿಗ್ರಿ ಎಂಬುದು ರೇಖಾಂಶ. ಉತ್ತರ ಮತ್ತು ಪೂರ್ವಕ್ಕೆ ಧನ ಸಂಖ್ಯೆಯನ್ನೂ ದಕ್ಷಿಣ ಮತ್ತು ಪಶ್ಚಿಮಕ್ಕೆ ಋಣ ಸಂಖ್ಯೆಯನ್ನೂ ಬಳಸುವುದು ರೂಢಿ.

ಈ ದಾಖಲೆಗಳನ್ನು ನಕ್ಷೆಯ ಮೇಲೆ ಇಳಿಸಿದಾಗ ಕಾಡಿನ ಮರವೊಂದು ಹಿಂದೂ ಮಹಾಸಾಗರದ ನಡುವೆ ಕಾಣಿಸಿಕೊಳ್ಳುವುದು ಅಪರೂಪವೇನಲ್ಲ. ಅಂಥ ಬಿಂದುಗಳನ್ನೆಲ್ಲ ಅಳಿಸಿಬಿಟ್ಟರೆ ದತ್ತಾಂಶ ಶುದ್ಧವಾಯಿತು ಎಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಕಡಲಿಗೆ ಬಿದ್ದ ಬಿಂದು ತಾನೇ ತನ್ನ ತಪ್ಪನ್ನು ಸಾರುತ್ತಿರುತ್ತದೆ ಮತ್ತು ಬಹುತೇಕ ಸಂದರ್ಭಗಳಲ್ಲಿ ಅದನ್ನು ಸರಿಪಡಿಸುವುದಕ್ಕೂ ಬರುತ್ತದೆ. ಅದೇ ಕಾರಣದಿಂದ ಹುಟ್ಟಿದ ಮತ್ತೊಂದು ತಪ್ಪು ನೆಲದ ಮೇಲೆ ಬಿದ್ದು ಯಾರ ಕಣ್ಣಿಗೂ ಬೀಳದೆ ಉಳಿಯುತ್ತದೆ. ಆದ್ದರಿಂದ ಕಡಲಿನ ಬಿಂದುವನ್ನು ಕಸವೆಂದು ಎಣಿಸದೆ, ಇಡೀ ಕಡತದ ದೋಷಗಳಿಗೆ ಸುಳಿವು ಕೊಡುವ ಸಾಕ್ಷಿಯೆಂದು ಎಣಿಸಬೇಕು ಎಂಬುದು ಈ ಉಪನ್ಯಾಸದ ಪ್ರತಿಪಾದನೆ.

1. ಇಲ್ಲದ ಬೆಲೆ ಮತ್ತು ಸೊನ್ನೆ

ನಿರ್ದೇಶಾಂಕವೇ ಇಲ್ಲದ ದಾಖಲೆಯಲ್ಲಿ ಆ ಕಾಲಂ ಖಾಲಿ ಇದ್ದರೆ ಅಪಾಯವಿಲ್ಲ, ಏಕೆಂದರೆ ಖಾಲಿ ಕಾಲಂ ನಕ್ಷೆಗೆ ಬರುವುದೇ ಇಲ್ಲ. ಖಾಲಿ ಬಿಡುವ ಬದಲು ಯಾರೋ ಒಂದು ಸಂಖ್ಯೆಯನ್ನು ತುಂಬಿದಾಗ ತೊಡಕು ಆರಂಭವಾಗುತ್ತದೆ. -9999ರಂಥ ಸಂಖ್ಯೆಯನ್ನು ತುಂಬಿದ್ದರೆ ಅಕ್ಷಾಂಶ 90ನ್ನೂ ರೇಖಾಂಶ 180ನ್ನೂ ಮೀರುವಂತಿಲ್ಲ ಎಂಬ ಮಿತಿಪರೀಕ್ಷೆಯಲ್ಲಿಯೇ ಅದು ಸಿಕ್ಕಿಬೀಳುತ್ತದೆ. ಸೊನ್ನೆಯನ್ನು ತುಂಬಿದ್ದರೆ ಹಾಗಾಗುವುದಿಲ್ಲ. ಸೊನ್ನೆ ನ್ಯಾಯವಾದ ನಿರ್ದೇಶಾಂಕವೇ ಆಗಿದೆ. ಎರಡೂ ಸೊನ್ನೆಯಾದಾಗ ಬಿಂದು ಆಫ್ರಿಕದ ಪಶ್ಚಿಮಕ್ಕಿರುವ ಗಿನಿ ಕೊಲ್ಲಿಯಲ್ಲಿ ಬೀಳುತ್ತದೆ. ನಕ್ಷಾಕಾರರು ‘ನಲ್ ಐಲ್ಯಾಂಡ್’ ಎಂದು ಕರೆಯುವ ಆ ಜಾಗದಲ್ಲಿ ದ್ವೀಪವೇನೂ ಇಲ್ಲ, ಹವಾಮಾನವನ್ನು ಅಳೆಯುವ ತೇಲುಗಂಬವೊಂದನ್ನು ಹಿಂದೆ ನೆಲೆಗೊಳಿಸಲಾಗಿತ್ತು. ಜಿಬಿಐಎಫ್ ಇಂಥ ದಾಖಲೆಗಳಿಗೆ `ZERO_COORDINATE` ಎಂಬ ಗುರುತು ಹಚ್ಚುವುದರಿಂದ ಇವನ್ನು ಬೇರ್ಪಡಿಸುವುದು ಸುಲಭ.

ಎರಡರಲ್ಲಿ ಒಂದು ಮಾತ್ರ ಸೊನ್ನೆಯಾದ ದಾಖಲೆ ಇದಕ್ಕಿಂತ ಕಷ್ಟದ್ದು. ಆಗುಂಬೆಯ ಅಕ್ಷಾಂಶ ಸುಮಾರು 13.50, ರೇಖಾಂಶ ಸುಮಾರು 75.09. ಇಲ್ಲಿಯ ದಾಖಲೆಯಲ್ಲಿ ಅಕ್ಷಾಂಶದ ಜಾಗಕ್ಕೆ ಸೊನ್ನೆ ಬಂದರೆ ಬಿಂದು ಹಿಂದೂ ಮಹಾಸಾಗರಕ್ಕೆ ಹೋಗುತ್ತದೆ. ರೇಖಾಂಶದ ಜಾಗಕ್ಕೆ ಸೊನ್ನೆ ಬಂದರೆ ಪಶ್ಚಿಮ ಆಫ್ರಿಕದ ಬುರ್ಕಿನಾ ಫಾಸೊ ದೇಶದ ನೆಲದ ಮೇಲೆ ಬೀಳುತ್ತದೆ. ತಪ್ಪಿನ ಮೂಲ ಒಂದೇ ಆದರೂ ಕಡಲಿನ ಪರೀಕ್ಷೆಗೆ ಸಿಗುವುದು ಮೊದಲನೆಯದು ಮಾತ್ರ. ಸ್ಥಳ ಗೊತ್ತಿಲ್ಲದಾಗ ದೇಶದ ಮಧ್ಯಬಿಂದುವನ್ನು ತುಂಬುವ ಅಭ್ಯಾಸವೂ ಇದೇ ಜಾತಿಯದು: ಭಾರತಕ್ಕೆ ಆಗಾಗ ಬಳಕೆಯಾಗುವ 20.0, 77.0 ಎಂಬ ಬಿಂದು ಮಹಾರಾಷ್ಟ್ರದಲ್ಲಿದೆ, ಮತ್ತು ‘ಭಾರತ’ ಎಂದಷ್ಟೇ ಚೀಟಿಯಿರುವ ಮಾದರಿಗಳು ಅಲ್ಲಿ ಗುಂಪುಗೂಡಿದರೆ ಇಲ್ಲದ ಜೀವಸಂಪತ್ತನ್ನು ಆ ಜಾಗಕ್ಕೆ ಕಟ್ಟಿದಂತಾಗುತ್ತದೆ.

2. ಚಿಹ್ನೆಯ ತಪ್ಪು: ಒಂದು ದಾಖಲೆಯ ವಿಚಾರಣೆ

ಹಳೆಯ ಚೀಟಿಗಳಲ್ಲಿ ದಿಕ್ಕನ್ನು ಅಕ್ಷರದಿಂದ ಸೂಚಿಸಿರುತ್ತಾರೆ. ಗಣಕಕ್ಕೆ ಏರಿಸುವಾಗ ಆ ಅಕ್ಷರ ಬಿಟ್ಟುಹೋದರೆ ದಕ್ಷಿಣ ಮತ್ತು ಪಶ್ಚಿಮದ ಜಾಗಗಳು ಉತ್ತರ ಮತ್ತು ಪೂರ್ವಕ್ಕೆ ಹಾರುತ್ತವೆ. ಪದಸಂಸ್ಕರಣ ತಂತ್ರಾಂಶವು ಋಣ ಚಿಹ್ನೆಯ ಬದಲು ನೋಡಲು ಅದರಂತೆಯೇ ಇರುವ ಉದ್ದನೆಯ ಗೆರೆಯನ್ನು ಹಾಕಿದ್ದರೆ, ಆ ಬೆಲೆ ಸಂಖ್ಯೆಯಾಗಿ ಓದಿಸಿಕೊಳ್ಳುವುದಿಲ್ಲ; ಅದನ್ನು ಸಂಖ್ಯೆಯಾಗಿಸುವ ಆತುರದಲ್ಲಿ ಗೆರೆಯನ್ನು ತೆಗೆದುಹಾಕಿದಾಗ ದಿಕ್ಕೂ ಅದರೊಂದಿಗೆ ಹೋಗುತ್ತದೆ. ಒಂದೇ ಸಂಸ್ಥೆಯಲ್ಲಿ ದಕ್ಷಿಣ ಗೋಲಾರ್ಧದ ಕಡತಗಳಿಗೆ ಬರೆದ ಸೂತ್ರವನ್ನು ಭಾರತದ ಕಡತಕ್ಕೂ ಅನ್ವಯಿಸಿದರೆ ಬೇಡದ ಕಡೆ ಋಣ ಚಿಹ್ನೆ ಸೇರಿಕೊಳ್ಳುತ್ತದೆ. ಉದಾಹರಣೆಗಾಗಿ ಇಂಥ ಒಂದು ದಾಖಲೆಯನ್ನು ಪರಿಶೀಲಿಸಬಹುದು:

```
locality: Agumbe, Shimoga Dist., Karnataka
countryCode: IN
decimalLatitude: -13.50
decimalLongitude: 75.09
```

ಈ ಬಿಂದು ಹಿಂದೂ ಮಹಾಸಾಗರದಲ್ಲಿದೆ. ಎರಡು ಸಂಖ್ಯೆಗಳ ಚಿಹ್ನೆಯನ್ನು ಬದಲಿಸುವುದರಿಂದ ನಾಲ್ಕು ರೂಪಗಳು ದೊರೆಯುತ್ತವೆ. ಅಕ್ಷಾಂಶ ರೇಖಾಂಶಗಳ ಸ್ಥಾನ ಅದಲುಬದಲಾಗಿರಬಹುದಾದ್ದರಿಂದ ಇನ್ನೂ ನಾಲ್ಕು ಸೇರಿ ಒಟ್ಟು ಎಂಟು ರೂಪಗಳನ್ನು ಪರೀಕ್ಷಿಸಬೇಕಾಗುತ್ತದೆ. ಸ್ಥಾನ ಬದಲಿಸದ ನಾಲ್ಕರಲ್ಲಿ ಒಂದು ಹಿಂದೂ ಮಹಾಸಾಗರದಲ್ಲಿ, ಒಂದು ಕೆರಿಬಿಯನ್ ಸಮುದ್ರದಲ್ಲಿ, ಒಂದು ಪೆರು ದೇಶದ ಆಂಡಿಸ್ ಪರ್ವತಗಳಲ್ಲಿ ಮತ್ತು ಒಂದು ಆಗುಂಬೆಯಲ್ಲಿ ಬೀಳುತ್ತದೆ. ಸ್ಥಾನ ಬದಲಿಸಿದ ನಾಲ್ಕರಲ್ಲಿ ಎರಡು ಉತ್ತರ ಧ್ರುವದ ಕಡೆಯ ಸಮುದ್ರಗಳಲ್ಲಿ, ಎರಡು ಅಂಟಾರ್ಕ್ಟಿಕದ ಹಿಮದ ಮೇಲೆ ಬೀಳುತ್ತವೆ. ಎಂಟರಲ್ಲಿ ಭಾರತದೊಳಗೆ ಬರುವುದು ಒಂದೇ, ಮತ್ತು ಅದು ಚೀಟಿಯಲ್ಲಿರುವ ಊರಿಗೂ ಹೊಂದುತ್ತದೆ. ಇಲ್ಲಿ ತಿದ್ದುಪಡಿಗೆ ಬಲವಾದ ಆಧಾರವಿದೆ, ಏಕೆಂದರೆ ಊರಿನ ಹೆಸರು ಸಂಖ್ಯೆಗಳಿಂದ ಹುಟ್ಟಿದ್ದಲ್ಲ. ಅದು ಸ್ವತಂತ್ರವಾಗಿ ಬರೆಯಲ್ಪಟ್ಟ ಸಾಕ್ಷಿ.

ಇದರಿಂದ ಹೊರಡುವ ನಿಯಮ ಸರಳವಾಗಿದೆ. ಸಾಧ್ಯ ರೂಪಗಳಲ್ಲಿ ಒಂದೇ ಒಂದು ರೂಪ ಸ್ವತಂತ್ರ ಸಾಕ್ಷಿಗೆ ಹೊಂದಿದರೆ ತಿದ್ದಬಹುದು. ಒಂದಕ್ಕಿಂತ ಹೆಚ್ಚು ಹೊಂದಿದರೆ ಅಥವಾ ಯಾವುದೂ ಹೊಂದದಿದ್ದರೆ ತಿದ್ದಬಾರದು. ಈ ನಿಯಮದ ಎರಡನೆಯ ಅರ್ಧ ಎಷ್ಟು ಮುಖ್ಯವೆಂಬುದು ಸಮಭಾಜಕ ವೃತ್ತದ ಬಳಿ ತಿಳಿಯುತ್ತದೆ. ಕೆನ್ಯಾದ ಎಲ್ಡೊರೆಟ್ ಪಟ್ಟಣದ ಅಕ್ಷಾಂಶ ಸುಮಾರು 0.51, ರೇಖಾಂಶ 35.27. ಅಕ್ಷಾಂಶದ ಚಿಹ್ನೆ ತಪ್ಪಿದರೆ ಬಿಂದು ಸುಮಾರು 113 ಕಿಲೋಮೀಟರ್ ದಕ್ಷಿಣಕ್ಕೆ ಸರಿದರೂ ಕೆನ್ಯಾದೊಳಗೇ, ಕೆರಿಚೊ ಪಟ್ಟಣದ ಸಮೀಪದಲ್ಲಿಯೇ ಉಳಿಯುತ್ತದೆ. ಕಡಲಿನ ಪರೀಕ್ಷೆಯೂ ದೇಶದ ಪರೀಕ್ಷೆಯೂ ಇದನ್ನು ಒಪ್ಪಿಬಿಡುತ್ತವೆ. ಊರಿನ ಹೆಸರಿನೊಂದಿಗೆ ತಾಳೆ ನೋಡದೆ ಈ ತಪ್ಪು ಹೊರಬೀಳುವುದಿಲ್ಲ.

ಭಾರತದ ದಾಖಲೆಗಳಿಗೆ ಇನ್ನೊಂದು ವಿಶೇಷವಿದೆ. ದೇಶದ ಬಹುಭಾಗದ ರೇಖಾಂಶ 90ಕ್ಕಿಂತ ಕಡಿಮೆ ಇರುವುದರಿಂದ ಅಕ್ಷಾಂಶ ರೇಖಾಂಶಗಳು ಅದಲುಬದಲಾದರೂ ಮಿತಿಪರೀಕ್ಷೆ ಅದನ್ನು ಹಿಡಿಯುವುದಿಲ್ಲ. ಅಸ್ಸಾಂ, ಅರುಣಾಚಲದ ದಾಖಲೆಗಳಲ್ಲಿ ರೇಖಾಂಶ 90ನ್ನು ದಾಟುವುದರಿಂದ ಅದೇ ತಪ್ಪು ಮಿತಿಪರೀಕ್ಷೆಯಲ್ಲಿಯೇ ಬಯಲಾಗುತ್ತದೆ.

3. ಕರಾವಳಿಯ ಬಿಂದುಗಳು

ಕಡಲಿನಲ್ಲಿ ಕಂಡ ಬಿಂದುವೆಲ್ಲ ತಪ್ಪಲ್ಲ ಎಂಬುದನ್ನು ಉತ್ತರ ಕನ್ನಡದ ಕರಾವಳಿ ಎರಡು ಬಗೆಯಲ್ಲಿ ತೋರಿಸಿಕೊಡುತ್ತದೆ. ಹೊನ್ನಾವರದ ನಿರ್ದೇಶಾಂಕ ಸುಮಾರು 14.28, 74.44. ಇದನ್ನು ದಶಮಾಂಶದ ಒಂದೇ ಸ್ಥಾನಕ್ಕೆ ಸರಿಹೊಂದಿಸಿ 14.3, 74.4 ಎಂದು ಬರೆದರೆ ಬಿಂದು ನಾಲ್ಕು ಕಿಲೋಮೀಟರಿಗಿಂತ ಹೆಚ್ಚು ಪಶ್ಚಿಮಕ್ಕೆ ಸರಿದು ಅರಬ್ಬೀ ಸಮುದ್ರಕ್ಕೆ ಬೀಳುತ್ತದೆ. ದಾಖಲೆ ಸುಳ್ಳಲ್ಲ, ಅದರ ನಿಖರತೆ ಕಡಿಮೆ ಅಷ್ಟೆ. ಇಂಥ ಬಿಂದುವನ್ನು ದಡಕ್ಕೆ ಎಳೆದು ತರುವುದೂ ತಪ್ಪು, ಅಳಿಸುವುದೂ ತಪ್ಪು. `coordinateUncertaintyInMeters` ಎಂಬ ಕಾಲಂನಲ್ಲಿ ಅನಿಶ್ಚಿತತೆಯ ತ್ರಿಜ್ಯವನ್ನು, ಎಂದರೆ ನಿಜವಾದ ಜಾಗ ಬಿಂದುವಿನಿಂದ ಎಷ್ಟು ಮೀಟರ್ ಒಳಗಿರಬಹುದು ಎಂಬುದನ್ನು ನಮೂದಿಸುವುದು ಸರಿಯಾದ ಕ್ರಮ. ಒಂದು ಡಿಗ್ರಿ ಅಕ್ಷಾಂಶ ಸುಮಾರು 111 ಕಿಲೋಮೀಟರ್ ಆಗುವುದರಿಂದ ದಶಮಾಂಶದ ಒಂದು ಸ್ಥಾನ 11 ಕಿಲೋಮೀಟರನ್ನೂ ಎರಡು ಸ್ಥಾನಗಳು ಸುಮಾರು ಒಂದು ಕಿಲೋಮೀಟರನ್ನೂ ಸೂಚಿಸುತ್ತವೆ.

ಎರಡನೆಯದು ಮುರ್ಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪ. ಅಲ್ಲಿ ಬಿಳಿಹೊಟ್ಟೆಯ ಕಡಲ ಹದ್ದುಗಳು ಗೂಡು ಕಟ್ಟುತ್ತವೆ. ಆ ಗೂಡುಗಳ ದಾಖಲೆಗಳ ನಿರ್ದೇಶಾಂಕ ಎಷ್ಟೇ ಸರಿಯಿದ್ದರೂ ಸ್ಥೂಲವಾದ ಜಗತ್ತಿನ ನಕ್ಷೆಯಲ್ಲಿ ದ್ವೀಪವೇ ಇಲ್ಲದ್ದರಿಂದ ಅವು ನೀರಿನಲ್ಲಿವೆ ಎಂದು ತೀರ್ಪು ಬರುತ್ತದೆ. ಹೆಚ್ಚು ಬಳಕೆಯಲ್ಲಿರುವ ‘ನ್ಯಾಚುರಲ್ ಅರ್ಥ್’ ನಕ್ಷೆಗಳು ಮೂರು ಪ್ರಮಾಣಗಳಲ್ಲಿ ದೊರೆಯುತ್ತವೆ. ಅವುಗಳಲ್ಲಿ ಅತ್ಯಂತ ವಿವರವಾದುದೂ ಕೋಟಿಗೆ ಒಂದರ ಪ್ರಮಾಣದ್ದು. ಅದರ ಮೇಲಿನ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲಿನ ಹತ್ತು ಕಿಲೋಮೀಟರ್. ಆದ್ದರಿಂದ ದಡದಿಂದ ಕೆಲವೇ ಕಿಲೋಮೀಟರ್ ದೂರದ ಬಿಂದುಗಳನ್ನು ವಿವರವಾದ ಸ್ಥಳೀಯ ನಕ್ಷೆಯೊಂದಿಗೆ ಹೋಲಿಸಿದ ಮೇಲೆಯೇ ಸಂಶಯಿಸಬೇಕು.

4. ನೆಲದ ಮೇಲೆ ಅಡಗಿದ ತಪ್ಪು

ಡಿಗ್ರಿ ಮತ್ತು ನಿಮಿಷಗಳನ್ನು ದಶಮಾಂಶಕ್ಕೆ ತಿರುಗಿಸುವಾಗ ನಿಮಿಷವನ್ನು 60ರಿಂದ ಭಾಗಿಸಬೇಕು. 13 ಡಿಗ್ರಿ 30 ನಿಮಿಷ ಎಂದರೆ 13.50. ಭಾಗಿಸದೆ ನಡುವೆ ಚುಕ್ಕೆಯನ್ನಷ್ಟೇ ಇಟ್ಟು 13.30 ಎಂದು ಬರೆದರೆ ಬಿಂದು ಸುಮಾರು 22 ಕಿಲೋಮೀಟರ್ ದಕ್ಷಿಣಕ್ಕೆ ಸರಿಯುತ್ತದೆ. ಆಗುಂಬೆಯ ಮಾದರಿ ಶಿವಮೊಗ್ಗ ಜಿಲ್ಲೆಯಿಂದ ಹೊರಗೆ ಹೋದರೂ ಕರ್ನಾಟಕದೊಳಗೇ, ಘಟ್ಟದ ಸೀಮೆಯಲ್ಲಿಯೇ ಇರುವುದರಿಂದ ನಕ್ಷೆಯಲ್ಲಿ ಅಸಹಜವಾದದ್ದೇನೂ ಕಾಣುವುದಿಲ್ಲ.

ಈ ತಪ್ಪನ್ನು ಒಂದು ದಾಖಲೆಯಲ್ಲಿ ಹುಡುಕುವುದು ಕಷ್ಟ, ಇಡೀ ಕಡತದಲ್ಲಿ ಹುಡುಕುವುದು ಸುಲಭ. ನಿಮಿಷಗಳು 59ನ್ನು ಮೀರುವುದಿಲ್ಲವಾದ್ದರಿಂದ ಹೀಗೆ ಕೆಟ್ಟ ಕಡತದಲ್ಲಿ ಚುಕ್ಕೆಯ ಮುಂದಿನ ಎರಡು ಅಂಕಿಗಳು 60ರಿಂದ 99ರವರೆಗೆ ಎಲ್ಲಿಯೂ ಬರುವುದಿಲ್ಲ. ವಿಶಾಲ ಪ್ರದೇಶದ ಸರಿಯಾದ ಕಡತದಲ್ಲಿ ಹತ್ತರಲ್ಲಿ ಸುಮಾರು ನಾಲ್ಕು ದಾಖಲೆಗಳು ಆ ವ್ಯಾಪ್ತಿಗೆ ಸೇರಬೇಕು. ಆರ್ ಭಾಷೆಯ `CoordinateCleaner` ಎಂಬ ತಂತ್ರಾಂಶದಲ್ಲಿ ಈ ತತ್ತ್ವದ ಪರೀಕ್ಷೆಯನ್ನು ಅಳವಡಿಸಲಾಗಿದೆ. ಆದರೆ ಒಂದೇ ತಾಲ್ಲೂಕಿನಿಂದ ಬಂದ ದಾಖಲೆಗಳ ದಶಮಾಂಶಗಳು ಸಹಜವಾಗಿಯೇ ಕಿರಿದಾದ ವ್ಯಾಪ್ತಿಯಲ್ಲಿ ಇರುವುದರಿಂದ ಅಲ್ಲಿ ಈ ಪರೀಕ್ಷೆಯನ್ನು ನಂಬುವಂತಿಲ್ಲ.

ಕಡಲಿನ ಬಿಂದು ಇಡೀ ಕಡತಕ್ಕೆ ಸುಳಿವು ಕೊಡುತ್ತದೆ ಎಂಬ ಮಾತಿನ ಅರ್ಥ ಇಲ್ಲಿ ಸ್ಪಷ್ಟವಾಗುತ್ತದೆ. ಇಂಥ ತಪ್ಪುಗಳು ಬಿಡಿಬಿಡಿಯಾಗಿ ಹುಟ್ಟುವುದಕ್ಕಿಂತ ಒಂದು ಕ್ಷೇತ್ರಪುಸ್ತಕದಿಂದ, ಒಬ್ಬ ನಕಲುಗಾರನಿಂದ, ಒಂದು ಸೂತ್ರದಿಂದ ಕಂತೆಯಾಗಿ ಹುಟ್ಟುವುದೇ ಹೆಚ್ಚು. ಒಂದು ಸಂಗ್ರಹದ ಹತ್ತು ಬಿಂದುಗಳು ಕಡಲಿನಲ್ಲಿ ಸಿಕ್ಕರೆ ಅವುಗಳನ್ನು ತಿದ್ದಿ ಮುಗಿಸದೆ, ಅದೇ ಸಂಗ್ರಹದಲ್ಲಿ ನೆಲದ ಮೇಲಿರುವ ಉಳಿದ ಬಿಂದುಗಳನ್ನೂ ಊರಿನ ಹೆಸರುಗಳೊಂದಿಗೆ ತಾಳೆ ನೋಡಬೇಕು.

5. ತಿದ್ದುಪಡಿಯ ಮಿತಿ

ತಿದ್ದಿದ ಬೆಲೆಯನ್ನು ಮೂಲ ಬೆಲೆಯ ಮೇಲೆ ಬರೆಯಬಾರದು. ಜಿಬಿಐಎಫ್ ಕೂಡ ಸಂಸ್ಥೆಗಳು ಕಳಿಸಿದ ಮೂಲವನ್ನು ಹಾಗೆಯೇ ಇಟ್ಟುಕೊಂಡು, ತಾನು ಅರ್ಥೈಸಿದ ಬೆಲೆಯನ್ನು ಪಕ್ಕದಲ್ಲಿ ಕೊಟ್ಟು, `PRESUMED_NEGATED_LATITUDE`ನಂಥ ಗುರುತಿನಿಂದ ಇದು ಊಹೆಯೆಂದು ತಿಳಿಸುತ್ತದೆ. ತಿದ್ದಲಾಗದ ದಾಖಲೆಯ ನಿರ್ದೇಶಾಂಕವನ್ನು ವಿಶ್ಲೇಷಣೆಯ ಪ್ರತಿಯಲ್ಲಿ ಖಾಲಿ ಬಿಟ್ಟು ಊರಿನ ಹೆಸರನ್ನು ಉಳಿಸಿಕೊಂಡರೆ, ಮುಂದೆ ಮೂಲ ಚೀಟಿಯನ್ನು ನೋಡಬಲ್ಲವರು ಅದನ್ನು ಪೂರ್ತಿಗೊಳಿಸಬಹುದು.

ಕೊನೆಯದಾಗಿ, ಯಾವುದನ್ನು ಸಾಕ್ಷಿಯೆಂದು ಸ್ವೀಕರಿಸಬಾರದು ಎಂಬುದನ್ನೂ ಹೇಳಬೇಕು. ಒಂದು ಪ್ರಭೇದ ಪಶ್ಚಿಮ ಘಟ್ಟದಲ್ಲಿ ಮಾತ್ರ ಇದೆ ಎಂಬ ಈವರೆಗಿನ ತಿಳಿವಳಿಕೆಯನ್ನು ಆಧಾರವಾಗಿಟ್ಟು ಹೊರಗಿನ ದಾಖಲೆಗಳನ್ನು ತಿದ್ದಿದರೆ ಅಥವಾ ತೆಗೆದರೆ, ಶುದ್ಧವಾದ ದತ್ತಾಂಶ ಆ ತಿಳಿವಳಿಕೆಯನ್ನು ಮತ್ತೆ ದೃಢಪಡಿಸುವುದಲ್ಲದೆ ಬೇರೇನನ್ನೂ ಹೇಳಲಾರದು, ಮತ್ತು ನಿಜವಾಗಿಯೂ ಹೊಸ ಜಾಗದಲ್ಲಿ ಸಿಕ್ಕ ಮಾದರಿ ತಪ್ಪುಗಳ ರಾಶಿಯಲ್ಲಿ ಕಳೆದುಹೋಗುತ್ತದೆ. ಪ್ರಭೇದದ ವ್ಯಾಪ್ತಿ ಸಂಶಯವನ್ನು ಎಬ್ಬಿಸಬಹುದು. ತೀರ್ಪನ್ನು ಮಾತ್ರ ಚೀಟಿಯ ಮೇಲಿನ ಊರು, ದಿನಾಂಕ ಮತ್ತು ಸಂಗ್ರಾಹಕರ ಕ್ಷೇತ್ರಪುಸ್ತಕದಿಂದಲೇ ಪಡೆಯಬೇಕು.